ರಜೆ ಮುಗಿಸಿ ಬಂದ ಮೊದಲ ಸಂಜೆ ಬರೆಯಬೇಕಾದ ಪತ್ರ

ರಜೆ ಕೇಳಿ ಪತ್ರ ಬರೆಯುವುದನ್ನು ಶಾಲೆಯಲ್ಲೇ ಕಲಿಸುತ್ತಾರೆ. ಜ್ವರ, ಅಕ್ಕನ ಮದುವೆ, ಊರ ಜಾತ್ರೆ ಎಂದು ಕಾರಣ ಕೊಟ್ಟು ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಬರೆಯದ ಕನ್ನಡದ ಮಕ್ಕಳಿಲ್ಲ. ರಜೆ ಮುಗಿಸಿ ಬಂದವರು ಏನು ಬರೆಯಬೇಕು ಎಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಹಾಗಾಗಿ ಹೆಚ್ಚಿನ ಖಾಸಗಿ ಕಚೇರಿಗಳಲ್ಲಿ 'ಇವತ್ತಿಂದ ಡ್ಯೂಟಿಗೆ ಬಂದಿದ್ದೀನಿ ಸರ್' ಎಂಬ ಒಂದು ಸಾಲಿನ ವಾಟ್ಸ್‌ಆ್ಯಪ್ ಸಂದೇಶಕ್ಕೆ ಆ ಕೆಲಸ ಮುಗಿಯುತ್ತದೆ.

ಸರ್ಕಾರಿ ಕಚೇರಿಯವರು ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ರಜೆಯಿಂದ ಮರಳಿದ ನೌಕರರು 'ಕರ್ತವ್ಯಕ್ಕೆ ಹಾಜರಾದ ವರದಿ' ಕೊಡಬೇಕು. ಕಾಯಿಲೆಯ ರಜೆಯಾಗಿದ್ದರೆ ಅದರ ಜೊತೆಗೆ ವೈದ್ಯರು ಕೊಟ್ಟ ದೇಹದಾರ್ಢ್ಯ ಪ್ರಮಾಣಪತ್ರವೂ ಬೇಕು. ಪ್ರಭಾರ ವಹಿಸಿಕೊಡುವಾಗ ದಿನಾಂಕದ ಪಕ್ಕದಲ್ಲಿ 'ಪೂರ್ವಾಹ್ನ' ಅಥವಾ 'ಅಪರಾಹ್ನ' ಎಂದು ನಮೂದಿಸುತ್ತಾರೆ. ಹಳೆಯ ಕಾಲದ ಶಿಷ್ಟಾಚಾರದಂತೆ ಕಂಡರೂ ಅದರ ಹಿಂದಿನ ಲೆಕ್ಕಾಚಾರ ಗಟ್ಟಿಯಾಗಿದೆ. ಬೆಳಿಗ್ಗೆ ಹತ್ತಕ್ಕೆ ಬಂದ ಕಡತಕ್ಕೆ ಯಾರು ಹೊಣೆ, ಮಧ್ಯಾಹ್ನ ಮೂರಕ್ಕೆ ಬಂದದ್ದಕ್ಕೆ ಯಾರು ಎಂಬುದನ್ನು ಆ ಒಂದು ಪದ ತೀರ್ಮಾನಿಸುತ್ತದೆ. ಖಾಸಗಿ ಕಚೇರಿಯ ಒಂದು ಸಾಲಿನ ಸಂದೇಶದಲ್ಲಿ ಇಲ್ಲದೇ ಇರುವುದು ಇದೇ. ಬಂದದ್ದು ಗೊತ್ತಾಗುತ್ತದೆ, ಹೊಣೆ ಯಾವಾಗ ಮರಳಿತು ಎಂಬುದು ಗೊತ್ತಾಗುವುದಿಲ್ಲ.

ಈ ಪತ್ರದ ಬೆಲೆ ತಿಳಿಯಬೇಕಾದರೆ ಗಡುವುಗಳ ಜೊತೆಗೇ ಬದುಕುವ ಒಂದು ವಿಭಾಗವನ್ನು ನೋಡಬೇಕು. ಅದಕ್ಕೆ ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಬೆಂಗಳೂರಿನ ಪೀಣ್ಯದಲ್ಲಿ ನಲವತ್ತು ಮಂದಿ ದುಡಿಯುವ, ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಲೆಕ್ಕ ನೋಡಿಕೊಳ್ಳಲು ಒಬ್ಬ ಲೆಕ್ಕಪಾಲಕಿ, ಅವರ ಕೈಕೆಳಗೆ ಒಬ್ಬ ಸಹಾಯಕ. ತಂಗಿಯ ಮದುವೆಗೆಂದು ಲೆಕ್ಕಪಾಲಕಿ 2025ರ ಜೂನ್ 2ರ ಸೋಮವಾರದಿಂದ 14ರ ಶನಿವಾರದವರೆಗೆ ರಜೆ ಹಾಕಿ, 16ರ ಸೋಮವಾರ ಬೆಳಿಗ್ಗೆ ಮರಳುತ್ತಾರೆ.

ಕ್ಯಾಲೆಂಡರ್ ಗೊತ್ತಿದ್ದವರಿಗೆ ಇದು ಎಂಥ ಹದಿನೈದು ದಿನ ಎಂದು ತಕ್ಷಣ ಹೊಳೆಯುತ್ತದೆ. ಮೇ ತಿಂಗಳಲ್ಲಿ ಹಿಡಿದ ಟಿಡಿಎಸ್ ಕಟ್ಟಲು ಜೂನ್ 7 ಕಡೆಯ ದಿನ. ಮಾರಾಟದ ವಿವರದ ಜಿಎಸ್‌ಟಿಆರ್-1 ಸಲ್ಲಿಸಲು 11. ಭವಿಷ್ಯನಿಧಿ ಮತ್ತು ಇಎಸ್‌ಐ ಕಂತಿಗೆ 15. ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿಗೆ 20. ಮೊದಲ ಮೂರು ಗಡುವುಗಳು ಲೆಕ್ಕಪಾಲಕಿ ಇಲ್ಲದಾಗಲೇ ಕಳೆದಿವೆ, ನಾಲ್ಕನೆಯದು ಬಂದ ವಾರದಲ್ಲೇ ಕಾದಿದೆ.

ಬಂದ ದಿನ ಮೊದಲು ಮಾಡಬೇಕಾದ್ದೇನು? ಬಹುತೇಕರು ಕಂಪ್ಯೂಟರ್ ತೆರೆದು ಮೇಲ್ ಓದಲು ಕೂರುತ್ತಾರೆ. ಸಹಜವೇ, ಆದರೆ ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ. ಹಳೆಯದರಿಂದ ಓದುತ್ತಾ ಬಂದರೆ ಜೂನ್ 3ರಂದು ಎದ್ದು 5ರಂದು ಬಗೆಹರಿದ ತಕರಾರು ಕೂಡ ಈಗ ತಾನೇ ಹುಟ್ಟಿದಂತೆ ಕಾಣುತ್ತದೆ. ಅದಕ್ಕೊಂದು ಉತ್ತರ ಬರೆದು ಕಳಿಸಿದರೆ ಮುಗಿದ ಮಾತು ಮತ್ತೆ ಶುರುವಾಗುತ್ತದೆ. ಅದಕ್ಕಿಂತ ಮೊದಲು ಸಹಾಯಕನ ಜೊತೆ ಅರ್ಧ ಗಂಟೆ ಕೂರುವುದು ಮೇಲು. ರಜೆಗೆ ಹೋಗುವಾಗ ಬರೆದುಕೊಟ್ಟ ಕೆಲಸದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ಕೇಳುತ್ತಾ ಹೋಗಬೇಕು. ಮೇಲ್ ಆಮೇಲೆ, ಅದೂ ಹೊಸದರಿಂದ ಹಿಂದಕ್ಕೆ.

ಆ ಅರ್ಧ ಗಂಟೆಯಲ್ಲಿ ಕೇಳಿದ್ದೆಲ್ಲ ಇನ್ನೂ ಬರೀ ಕೇಳಿದ್ದು. ಇಡೀ ಪತ್ರ ನಿಲ್ಲುವುದು ಈ ವ್ಯತ್ಯಾಸದ ಮೇಲೆ. ಸಹಾಯಕ ಹೇಳಿದ್ದನ್ನು ಹಾಗೇ ಬರೆದರೆ ಅದು ಅವನ ವರದಿ. ಕಣ್ಣಾರೆ ನೋಡಿ ಬರೆದಾಗ ಮಾತ್ರ ಪ್ರಭಾರ ಮರಳಿ ಬಂದಂತೆ.

ಟಿಡಿಎಸ್ ವಿಷಯ ತೆಗೆದುಕೊಳ್ಳಿ. 'ಏಳಕ್ಕೇ ಕಟ್ಟಿದೀನಿ ಮೇಡಂ' ಎನ್ನುತ್ತಾನೆ ಸಹಾಯಕ. ಲೆಕ್ಕಪಾಲಕಿ ಚಲನ್ ತೆರೆದು ದಿನಾಂಕ, ಮೊತ್ತ, ಕಂಪನಿಯ ಟ್ಯಾನ್ ಸಂಖ್ಯೆ ಮೂರನ್ನೂ ನೋಡುತ್ತಾರೆ. ಅನುಮಾನ ಪಡುವ ಸ್ವಭಾವ ಇದಕ್ಕೆ ಕಾರಣವಲ್ಲ. ಹಿಡಿದ ತೆರಿಗೆಯನ್ನು ತಡವಾಗಿ ಕಟ್ಟಿದರೆ ತಿಂಗಳಿಗೆ ಶೇ. 1.5ರಂತೆ ಬಡ್ಡಿ ಬೀಳುತ್ತದೆ, ತಿಂಗಳ ಒಂದು ತುಣುಕನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ, ಎಣಿಕೆ ಶುರುವಾಗುವುದು ಗಡುವಿನ ದಿನದಿಂದಲ್ಲ, ತೆರಿಗೆ ಹಿಡಿದ ದಿನದಿಂದ. ಹೀಗಾಗಿ ಮೇ ತಿಂಗಳ ತೆರಿಗೆಯನ್ನು ಒಂದೇ ಒಂದು ದಿನ ತಡವಾಗಿ ಜೂನ್ 8ರಂದು ಕಟ್ಟಿದರೂ ಸಾಮಾನ್ಯವಾಗಿ ಎರಡು ತಿಂಗಳ ಬಡ್ಡಿ ತೆರಬೇಕಾಗುತ್ತದೆ. ಇಲ್ಲಿ ಸಹಾಯಕ ಹೇಳಿದ್ದು ನಿಜ, ಹಣ 6ಕ್ಕೇ ಹೋಗಿತ್ತು. ಜಿಎಸ್‌ಟಿಆರ್-1 ಕೂಡ 10ಕ್ಕೆ ಸಲ್ಲಿಕೆಯಾಗಿದೆ.

ಭವಿಷ್ಯನಿಧಿಯ ಕಥೆ ಬೇರೆ. 'ಪಿಎಫ್ ಚಲನ್ ಶನಿವಾರವೇ ತೆಗೆದೆ' ಎಂದಿದ್ದ ಸಹಾಯಕ. ಚಲನ್ ಇದೆ ನಿಜ. ಆದರೆ ಚಲನ್ ತೆಗೆಯುವುದು ಒಂದು ಹಂತ, ಹಣ ಹೋಗುವುದು ಇನ್ನೊಂದು. ಈ ಘಟಕದ ಬ್ಯಾಂಕ್ ಖಾತೆಯಲ್ಲಿ ಒಬ್ಬರು ಪಾವತಿ ದಾಖಲಿಸಬೇಕು, ಇನ್ನೊಬ್ಬರು ಒಪ್ಪಿಗೆ ಒತ್ತಬೇಕು. ಸಹಾಯಕ ದಾಖಲಿಸಿ ಮನೆಗೆ ಹೋಗಿದ್ದಾನೆ. ಒಪ್ಪಿಗೆ ಒತ್ತಬೇಕಾದವರು ಮಾಲೀಕರು. ಅವರ ಫೋನಿಗೆ ಬಂದ ಸಂದೇಶ ಶನಿವಾರ ಸಂಜೆಯ ಗಡಿಬಿಡಿಯಲ್ಲಿ ಕೆಳಗೆ ಹೋಗಿದೆ. 15 ಭಾನುವಾರ. ಸೋಮವಾರ ಬೆಳಿಗ್ಗೆ ಬ್ಯಾಂಕ್ ಪುಟದಲ್ಲಿ ಆ ಪಾವತಿ 'ಒಪ್ಪಿಗೆಗೆ ಬಾಕಿ' ಎಂದೇ ತೋರಿಸುತ್ತಿದೆ.

ಇದು ಸಣ್ಣ ವಿಷಯವಲ್ಲ. ತಡವಾದ ಕಂತಿಗೆ ವರ್ಷಕ್ಕೆ ಶೇ. 12ರ ಬಡ್ಡಿ ಇದೆ. ಒಂದು ದಿನದ ಮಟ್ಟಿಗೆ ಅದು ಹೆಚ್ಚೇನಲ್ಲ ಎನ್ನಬಹುದು. 2025ರಲ್ಲಿ ದೊಡ್ಡ ಪೆಟ್ಟು ಆದಾಯ ತೆರಿಗೆಯ ಕಡೆಯಿಂದ ಬರುತ್ತಿತ್ತು. ನೌಕರರ ಸಂಬಳದಿಂದ ಕಡಿತ ಮಾಡಿದ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ಆ ಮೊತ್ತವನ್ನು ಕಂಪನಿ ತನ್ನ ಖರ್ಚೆಂದು ತೋರಿಸುವಂತಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 'ಚೆಕ್‌ಮೇಟ್ ಸರ್ವಿಸಸ್' ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಭಾನುವಾರ ಬಂತೆಂದು ಗಡುವು ತಾನಾಗಿಯೇ ಮುಂದೆ ಹೋಗುತ್ತದೆ ಎಂದು ನಂಬಿ ಕೂರುವುದು ಜಾಣತನವಲ್ಲ. ಸೋಮವಾರ ಬೆಳಿಗ್ಗೆಯೇ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಒತ್ತಿಸುವುದು ಮೊದಲ ಕೆಲಸ, ಪತ್ರ ಆಮೇಲೆ.

ಇನ್ನೊಂದು ಗುಂಡಿ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಇದು ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುವ ಅಪಾಯ. ರಜೆಯಿಂದ ಬಂದವರ ಮೊದಲ ವಾರದಲ್ಲಿ ಇದರ ಸಾಧ್ಯತೆ ಹೆಚ್ಚು, ಏಕೆಂದರೆ ಒಂದೇ ಬಿಲ್ ಇಬ್ಬರ ಕೈಗೆ ಎರಡು ದಾರಿಯಲ್ಲಿ ಬಂದಿರುತ್ತದೆ. ನಟ್ಟು-ಬೋಲ್ಟು ಕೊಡುವ ಅಂಗಡಿಯವರು 72,000 ರೂಪಾಯಿಯ ಮಾಲಿಗೆ ಶೇ. 18ರ ತೆರಿಗೆ ಸೇರಿಸಿ 84,960 ರೂಪಾಯಿಯ ಬಿಲ್ಲನ್ನು ಜೂನ್ 5ರಂದು ಲೆಕ್ಕಪಾಲಕಿಯ ಮೇಲ್‌ಗೆ ಕಳಿಸಿದ್ದಾರೆ. ಉತ್ತರ ಬಾರದಿದ್ದಾಗ 11ರಂದು ಸಹಾಯಕನಿಗೆ ಫೋನ್ ಮಾಡಿ, ಅದೇ ಬಿಲ್ಲಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದಾರೆ. ಸಹಾಯಕ ಅದನ್ನು '145' ಎಂಬ ಸಂಖ್ಯೆಯಲ್ಲಿ ನಮೂದಿಸಿ 12ರಂದು ಹಣ ಕಳಿಸಿದ್ದಾನೆ. ಬಿಲ್ಲಿನ ಮೇಲಿರುವ ಪೂರ್ತಿ ಸಂಖ್ಯೆ '145/25-26'. ಲೆಕ್ಕಪಾಲಕಿ ಮೇಲ್ ತೆರೆದು ಪೂರ್ತಿ ಸಂಖ್ಯೆ ಹಾಕಿ ನಮೂದಿಸಿದರೆ ತಂತ್ರಾಂಶಕ್ಕೆ ಅದು ಬೇರೆಯೇ ಬಿಲ್. ಸಂಖ್ಯೆ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಅದು ತಡೆಯಬಲ್ಲದು.

ಇದನ್ನು ಪತ್ತೆ ಮಾಡುವ ದಾರಿ ನೇರವಾಗಿದೆ. ಹೊಸ ಪಾವತಿ ಯಾವುದನ್ನೂ ಮಾಡುವ ಮೊದಲು, ರಜೆಯ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಲೆಕ್ಕದ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಆಮೇಲೆ ಮೇಲ್‌ನಲ್ಲಿರುವ ಪ್ರತಿ ಬಿಲ್ಲಿಗೂ ಆ ಪಾರ್ಟಿಯ ಲೆಡ್ಜರ್ ತೆರೆದು, ಸಂಖ್ಯೆಯನ್ನಲ್ಲ, ಮೊತ್ತವನ್ನು ಹುಡುಕಬೇಕು. ಅದೇ ಮೊತ್ತ ಎರಡು ಕಡೆ ಕಂಡರೆ ಅಥವಾ ನಾವು ಕೊಡಬೇಕಾದ ಪಾರ್ಟಿಯೇ ನಮಗೆ ಕೊಡಬೇಕು ಎಂದು ಲೆಡ್ಜರ್ ತೋರಿಸಿದರೆ ಅಲ್ಲಿ ನಿಲ್ಲಬೇಕು. ಹನ್ನೆರಡು ಕೆಲಸದ ದಿನಗಳ ತಾಳೆಗೆ ಇಂಥ ಘಟಕದಲ್ಲಿ ಒಂದೂವರೆ ಗಂಟೆ ಸಾಕು. ಆ ಒಂದೂವರೆ ಗಂಟೆ ಕೊಡದೆ 'ಎಲ್ಲ ಪ್ರಭಾರ ವಹಿಸಿಕೊಂಡಿದ್ದೇನೆ' ಎಂದು ಬರೆಯುವವರು ಗೊತ್ತಿಲ್ಲದ್ದಕ್ಕೂ ರುಜು ಹಾಕಿದಂತಾಗುತ್ತದೆ.

ಇಷ್ಟು ಮುಗಿಯುವ ಹೊತ್ತಿಗೆ ಸೋಮವಾರ ಮಧ್ಯಾಹ್ನ ದಾಟಿರುತ್ತದೆ. ಆದ್ದರಿಂದ ಪತ್ರವನ್ನು ಎರಡು ಕಂತಿನಲ್ಲಿ ಬರೆಯುವುದು ಒಳ್ಳೆಯದು. ಬೆಳಿಗ್ಗೆ ಬಂದದ್ದನ್ನು ತಿಳಿಸುವ ಎರಡು ಸಾಲು: 'ಇಂದು ಬೆಳಿಗ್ಗೆ ಹಾಜರಾಗಿದ್ದೇನೆ. ಬಾಕಿ ಕೆಲಸಗಳನ್ನು ನೋಡಿ ಸಂಜೆಯೊಳಗೆ ವಿವರವಾಗಿ ಬರೆಯುತ್ತೇನೆ.' ಸಂಜೆ ಪೂರ್ತಿ ಪತ್ರ. ಬೆಳಿಗ್ಗೆಯೇ ಎಲ್ಲ ಬರೆಯಲು ಹೊರಟರೆ ಬರೆಯಲು ಏನೂ ಗೊತ್ತಿರುವುದಿಲ್ಲ. ಮೂರು ದಿನ ಬಿಟ್ಟು ಬರೆದರೆ ಅಷ್ಟರಲ್ಲಿ ಆದ ತಪ್ಪು ಯಾರದ್ದು ಎಂಬುದೇ ಗೋಜಲಾಗುತ್ತದೆ.

ಈ ಲೆಕ್ಕಪಾಲಕಿ ಸಂಜೆ ಐದಕ್ಕೆ ಮಾಲೀಕರಿಗೆ ಬರೆದು, ಸಹಾಯಕನಿಗೂ ಪ್ರತಿ ಕಳಿಸುವ ಪತ್ರ ಹೀಗಿರಬಹುದು:

'ಸರ್, ನಮಸ್ಕಾರ. ರಜೆ ಮುಗಿಸಿ ಇಂದು, ಜೂನ್ 16ರ ಬೆಳಿಗ್ಗೆ 9.30ಕ್ಕೆ ಕೆಲಸಕ್ಕೆ ಬಂದಿದ್ದೇನೆ.

ಮೊದಲು ತುರ್ತಿನ ವಿಷಯ. ಮೇ ತಿಂಗಳ ಪಿಎಫ್ ಪಾವತಿ ಶನಿವಾರ ದಾಖಲಾಗಿತ್ತು, ಒಪ್ಪಿಗೆ ಆಗಿರಲಿಲ್ಲ. ಇಂದು ಬೆಳಿಗ್ಗೆ ತಾವು ಒಪ್ಪಿಗೆ ಕೊಟ್ಟ ಮೇಲೆ 10.40ಕ್ಕೆ ಹಣ ಹೋಗಿದೆ, ರಸೀದಿ ಲಗತ್ತಿಸಿದ್ದೇನೆ. ಗಡುವು 15 ಆಗಿದ್ದರಿಂದ ಇದರ ತೆರಿಗೆ ಪರಿಣಾಮವನ್ನು ನಮ್ಮ ಆಡಿಟರ್ ಅವರನ್ನು ನಾಳೆ ಕೇಳಿ ತಿಳಿಸುತ್ತೇನೆ. ಇಎಸ್‌ಐ 13ಕ್ಕೇ ಪಾವತಿಯಾಗಿದೆ.

ಟಿಡಿಎಸ್ 6ರಂದು, ಜಿಎಸ್‌ಟಿಆರ್-1 10ರಂದು ಆಗಿವೆ, ಎರಡರ ದಾಖಲೆಯನ್ನೂ ನೋಡಿದ್ದೇನೆ. 14ರವರೆಗಿನ ಬ್ಯಾಂಕ್ ತಾಳೆ ಮುಗಿದಿದೆ, ವ್ಯತ್ಯಾಸ ಇಲ್ಲ. ನಗದು ಪೆಟ್ಟಿಗೆಯ ಲೆಕ್ಕ ಸರಿ ಇದೆ ಎಂದು ಸಹಾಯಕರು ಹೇಳಿದ್ದಾರೆ. ನಾನು ಇನ್ನೂ ಎಣಿಸಿಲ್ಲ, ನಾಳೆ ಬೆಳಿಗ್ಗೆ ಇಬ್ಬರೂ ಕೂತು ಎಣಿಸುತ್ತೇವೆ. ಅಲ್ಲಿಯವರೆಗೆ ನಗದು ಅವರ ಹೊಣೆಯಲ್ಲೇ ಇರುತ್ತದೆ.

ಬಾಕಿ ಇರುವುದು: ನಮೂದಾಗದ ಸುಮಾರು 90 ವೋಚರ್. ಅದರಲ್ಲಿ ಮೇ ತಿಂಗಳ ಖರೀದಿ ಬಿಲ್ಲುಗಳನ್ನು ಬುಧವಾರ ಸಂಜೆಯೊಳಗೆ ಮುಗಿಸಿ, ಗುರುವಾರ ಜಿಎಸ್‌ಟಿಆರ್-3ಬಿ ತಮಗೆ ತೋರಿಸಿ, ಒಪ್ಪಿಗೆ ಪಡೆದು ಅಂದೇ ಸಲ್ಲಿಸುತ್ತೇನೆ. ಮೇ 5ರಂದು ಮಾಲು ಕೊಟ್ಟ ಸಣ್ಣ ಉದ್ದಿಮೆಯವರ ಬಿಲ್ಲಿಗೆ 45 ದಿನ ಗುರುವಾರ 19ಕ್ಕೆ ತುಂಬುತ್ತದೆ, ಅದರ ಪಾವತಿ ಬುಧವಾರ ಒಪ್ಪಿಗೆಗೆ ಬರುತ್ತದೆ. ಮೇ ತಿಂಗಳ ದಾಸ್ತಾನು ವರದಿ ಈ ವಾರ ಆಗುವುದಿಲ್ಲ, 25ರ ಬುಧವಾರ ಕೊಡುತ್ತೇನೆ.

ರಜೆಗಾಗಿ ಸಹಾಯಕರಿಗೆ ಕೊಟ್ಟಿದ್ದ ಬ್ಯಾಂಕ್ ಪಾವತಿ ದಾಖಲಿಸುವ ಅಧಿಕಾರವನ್ನು ನಾಳೆಯಿಂದ ತೆಗೆಸಬೇಕೆಂದು ಕೋರುತ್ತೇನೆ. ಜಿಎಸ್‌ಟಿಆರ್-1ರಲ್ಲಿ ಗ್ರಾಹಕರೊಬ್ಬರ ತಪ್ಪು ಜಿಎಸ್‌ಟಿ ಸಂಖ್ಯೆಯನ್ನು ಸಹಾಯಕರು ಸಲ್ಲಿಸುವ ಮೊದಲೇ ಹಿಡಿದು ಸರಿ ಮಾಡಿದ್ದಾರೆ, ತಮಗೆ ತಿಳಿಸುತ್ತಿದ್ದೇನೆ.

ಈ ಪಟ್ಟಿಯಲ್ಲಿ ಬಿಟ್ಟುಹೋದದ್ದು ಇದ್ದರೆ ದಯವಿಟ್ಟು ನಾಳೆಯೊಳಗೆ ತಿಳಿಸಿ.'

ಪತ್ರದಲ್ಲಿ ಮದುವೆಯ ವಿವರವಿಲ್ಲ, ಗೈರಾಗಿದ್ದಕ್ಕೆ ಕ್ಷಮೆಯೂ ಇಲ್ಲ. ಮಂಜೂರಾದ ರಜೆಗೆ ಕ್ಷಮೆ ಕೇಳಬೇಕಾಗಿಲ್ಲ. ಕೆಟ್ಟ ಸುದ್ದಿ ಮೊದಲು ಬಂದಿದೆ. ಅದನ್ನು ಐದನೇ ಪ್ಯಾರಾದಲ್ಲಿ ಅಡಗಿಸಿದ್ದರೆ, ಫೋನಿನಲ್ಲಿ ಓದುವ ಮಾಲೀಕರ ಕಣ್ಣು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಇನ್ನೂ ನಾಜೂಕಾದ ಸಂಗತಿಯೆಂದರೆ ಒಪ್ಪಿಗೆ ಒತ್ತಲು ಮರೆತವರು ಆ ಮಾಲೀಕರೇ. ಲೆಕ್ಕಪಾಲಕಿ ಯಾರನ್ನೂ ದೂರುವುದಿಲ್ಲ, ಯಾರನ್ನೂ ಕಾಪಾಡಲು ಸುಳ್ಳನ್ನೂ ಹೇಳುವುದಿಲ್ಲ. ದಾಖಲಾದದ್ದು ಯಾವಾಗ, ಹಣ ಹೋದದ್ದು ಯಾವಾಗ ಎಂಬ ಎರಡು ಸಂಗತಿಗಳನ್ನಷ್ಟೇ ಇಟ್ಟಿದ್ದಾರೆ. ಬಾಸ್ ಬಗ್ಗೆ ಬಾಸ್‌ಗೇ ಬರೆಯಬೇಕಾದಾಗ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ.

ನಗದು ಪೆಟ್ಟಿಗೆಯ ಸಾಲು ಇನ್ನೊಮ್ಮೆ ನೋಡಬೇಕಾದದ್ದು. ಎಣಿಸದ ಹಣವನ್ನು ಎಣಿಸಿಲ್ಲ ಎಂದೇ ಬರೆದು, ಎಣಿಸುವವರೆಗೆ ಹೊಣೆ ಯಾರದೆಂದೂ ಹೇಳಿದ್ದಾರೆ. ಸಹಾಯಕನಿಗೂ ಇದು ರಕ್ಷಣೆ. ನಾಳೆ ಐನೂರು ರೂಪಾಯಿ ಕಡಿಮೆ ಬಂದರೆ ಇಬ್ಬರ ಎದುರೇ ಗೊತ್ತಾಗುತ್ತದೆ, ಒಂದು ವಾರದ ನಂತರ ಪಿಸುಮಾತಾಗಿ ಹರಡುವುದಿಲ್ಲ.

ಬಾಕಿ ಕೆಲಸದ ಯೋಜನೆ ಹುಟ್ಟಿದ್ದು ಒಂದು ಸರಳ ಗುಣಾಕಾರದಿಂದ. ದಿನಕ್ಕೆ ಇಪ್ಪತ್ತರಂತೆ ಹನ್ನೆರಡು ದಿನಕ್ಕೆ 240 ವೋಚರ್ ಬಂದಿವೆ. 150 ಸಹಾಯಕ ಮುಗಿಸಿದ್ದಾನೆ, ಉಳಿದದ್ದು 90. ಬಿಲ್ ನೋಡಿ, ತೆರಿಗೆ ಪರಿಶೀಲಿಸಿ ನಮೂದಿಸಿದರೆ ಗಂಟೆಗೆ ಹದಿನೈದು ಆಗುತ್ತವೆ ಎಂದುಕೊಂಡರೆ ಆರು ಗಂಟೆಯ ಕೆಲಸ. ಆರು ಗಂಟೆ ಎಂದಾಗ ಒಂದೇ ದಿನದಲ್ಲಿ ಮುಗಿಸಬಹುದು ಎನ್ನಿಸುತ್ತದೆ. ಆದರೆ ಅಂದಂದಿನ ಕೆಲಸ ನಿಲ್ಲುವುದಿಲ್ಲ, ಹಳೆಯದಕ್ಕೆಂದು ಎತ್ತಿಡಬಹುದಾದದ್ದು ದಿನಕ್ಕೆ ಎರಡು ಗಂಟೆ. ಹೀಗಾಗಿ ಮೂರು ದಿನ ಬೇಕು. ಜಿಎಸ್‌ಟಿಆರ್-3ಬಿಗೆ ಬೇಕಾದ ಮೇ ತಿಂಗಳ ಖರೀದಿ ಬಿಲ್ಲುಗಳನ್ನು ಮೊದಲ ಎರಡು ದಿನಕ್ಕೆ ಹಾಕಿ, ಜೂನ್ ತಿಂಗಳವನ್ನು ಮೂರನೆಯ ದಿನಕ್ಕೆ ತಳ್ಳಿದ್ದಾರೆ. 'ಈ ವಾರದಲ್ಲಿ ಎಲ್ಲ ಸರಿ ಮಾಡುತ್ತೇನೆ' ಎಂಬ ಮಾತು ಕೇಳಲು ಹಿತ, ಶನಿವಾರ ಅದನ್ನು ಹಿಡಿದು ಲೆಕ್ಕ ಕೇಳಿದರೆ ಉತ್ತರ ಇರುವುದಿಲ್ಲ. ದಾಸ್ತಾನು ವರದಿ ಈ ವಾರ ಆಗುವುದಿಲ್ಲ ಎಂಬ ಸಾಲು ಬರೆಯಲು ಧೈರ್ಯ ಬೇಕು, ಆದರೆ ಮೇಲಿನ ಎಲ್ಲ ದಿನಾಂಕಗಳನ್ನು ನಂಬುವಂತೆ ಮಾಡುವುದು ಆ ಸಾಲೇ.

ಕೆಲಸದ ಸರದಿ ಮೇಲ್ ಬಂದ ಕ್ರಮದಲ್ಲಿಲ್ಲ, ಗಡಿಯಾರ ಓಡುತ್ತಿರುವ ಕ್ರಮದಲ್ಲಿದೆ. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ನೋಂದಾಯಿತ ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ, ಒಪ್ಪಂದವಿಲ್ಲದಿದ್ದರೆ ಮಿತಿ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದಾಸ್ತಾನು ವರದಿಗೆ ಅಂಥ ಯಾವ ಗಡಿಯಾರವೂ ಇಲ್ಲ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕಾಡುವ ಪಾರ್ಟಿಯ ಕೆಲಸ ಮೊದಲು ಮಾಡಿಬಿಡೋಣ ಎನ್ನಿಸುವುದು ಮನುಷ್ಯ ಸಹಜ. ಯೋಜನೆ ಬರೆದಿಟ್ಟಿದ್ದರೆ ಆ ಒತ್ತಡಕ್ಕೆ ಉತ್ತರ ಕೊಡಲು ಕೈಯಲ್ಲಿ ಏನಾದರೂ ಇರುತ್ತದೆ.

ಅಧಿಕಾರ ಹಿಂಪಡೆಯುವ ಸಾಲನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಕೇಳಿದರೆ ಸಹಾಯಕನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ ಎಂಬ ಸಂಕೋಚ. ಆದರೆ ತಾತ್ಕಾಲಿಕವಾಗಿ ಕೊಟ್ಟದ್ದು ಕೇಳದೆ ಉಳಿದರೆ ಕಾಯಂ ಆಗುತ್ತದೆ, ಮುಂದೆ ಏನಾದರೂ ಹೆಚ್ಚುಕಡಿಮೆಯಾದಾಗ ಇಬ್ಬರ ಮೇಲೂ ಬೆರಳು. ಇದಕ್ಕಿಂತ ಕೆಟ್ಟದ್ದು, ಅಧಿಕಾರ ಕೊಡಿಸುವ ಬದಲು ತಮ್ಮ ಪಾಸ್‌ವರ್ಡನ್ನೇ ಬರೆದುಕೊಟ್ಟು, ಡಿಜಿಟಲ್ ಸಹಿಯ ಟೋಕನ್ ಮೇಜಿನ ಖಾನೆಯಲ್ಲಿಟ್ಟು ಹೋಗುವುದು. ಡಿಜಿಟಲ್ ಸಹಿಯ ಗುಪ್ತ ಕೀಲಿಯನ್ನು ಕಾಪಾಡುವ ಹೊಣೆ ಸಹಿಯ ಒಡೆಯರದ್ದೇ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಹಾಗೆ ಕೊಟ್ಟು ಹೋಗಿದ್ದವರು ಬಂದ ಮೊದಲ ಗಂಟೆಯಲ್ಲೇ ಪಾಸ್‌ವರ್ಡ್ ಬದಲಿಸಿ, ಟೋಕನ್ ವಾಪಸು ಪಡೆದದ್ದನ್ನು ಪತ್ರದಲ್ಲಿ ಬರೆಯಬೇಕು.

ಬ್ಯಾಂಕುಗಳು ಇದೇ ವಿಷಯವನ್ನು ಇನ್ನೊಂದು ತುದಿಯಿಂದ ನೋಡುತ್ತವೆ. ಖಜಾನೆ ವ್ಯವಹಾರದಂಥ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಕನಿಷ್ಠ ಹತ್ತು ಕೆಲಸದ ದಿನ ಒಂದೇ ಗುಕ್ಕಿನಲ್ಲಿ ರಜೆಯ ಮೇಲೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಸೂಚಿಸಿತು. ಆ ದಿನಗಳಲ್ಲಿ ಕಚೇರಿಯ ಮೇಲ್ ಬಿಟ್ಟು ಕೆಲಸದ ಬೇರೆ ಯಾವುದನ್ನೂ ಅವರು ಮುಟ್ಟುವಂತಿಲ್ಲ. 2008ರ ಜನವರಿಯಲ್ಲಿ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿಗೆ ಸುಮಾರು 490 ಕೋಟಿ ಯೂರೊ ನಷ್ಟವಾದ ಪ್ರಕರಣದಲ್ಲಿ, ಆ ವ್ಯವಹಾರ ನಡೆಸಿದ ನೌಕರ ರಜೆಯನ್ನೇ ಹಾಕುತ್ತಿರಲಿಲ್ಲವೆಂಬುದು ದೊಡ್ಡ ಚರ್ಚೆಯಾಗಿತ್ತು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಹತ್ತು ದಿನ ಕೂತಾಗ ಆ ಕೆಲಸ ನಿಜವಾಗಿ ಹೇಗೆ ನಡೆಯುತ್ತಿದೆ ಎಂಬುದು ಹೊರಬೀಳುತ್ತದೆ. ಪ್ರಾಮಾಣಿಕ ಕಚೇರಿಯಲ್ಲಿ ಹೊರಬೀಳುವುದು ಮೋಸವಲ್ಲ, ಒಬ್ಬರ ತಲೆಯಲ್ಲಷ್ಟೇ ಇದ್ದ ಸಂಗತಿಗಳು. ಪೀಣ್ಯದ ಘಟಕದಲ್ಲಿ ಹೊರಬಿದ್ದದ್ದು ಒಂದೇ: ಪ್ರತಿ ತಿಂಗಳು ಮಾಲೀಕರಿಗೆ 'ಸರ್, ಪಿಎಫ್ ಒಪ್ಪಿಗೆ ಕೊಡಿ' ಎಂದು ನೆನಪಿಸುತ್ತಿದ್ದವರು ಲೆಕ್ಕಪಾಲಕಿ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮುಂದಿನ ರಜೆಯ ಪಟ್ಟಿಗೆ ಅದು ಸೇರಬೇಕು.

ಪತ್ರ ಕಳಿಸಿದ ಮಾತ್ರಕ್ಕೆ ವಿಷಯ ಮುಗಿಯದು, ಉತ್ತರ ಬೇಕು. ಮಾಲೀಕರು 'ಸರಿ, ಗುರುವಾರ 3ಬಿ ನೋಡೋಣ' ಎಂದು ಬರೆದರೆ ಸಾಕು. ಸಹಾಯಕನೂ ಓದಿ, ಬಿಟ್ಟುಹೋದದ್ದನ್ನು ಸೇರಿಸಬೇಕು. ಇಲ್ಲಿ ಅವನು ರಾತ್ರಿ ಬರೆಯುತ್ತಾನೆ: 'ಮೇಡಂ, ಲಾರಿ ಬಾಡಿಗೆಯವರಿಗೆ 10ರಂದು 6,000 ಮುಂಗಡ ಕೊಟ್ಟಿದ್ದು ಹೇಳೋಕೆ ಮರೆತೆ, ಚೀಟಿ ನಗದು ಪೆಟ್ಟಿಗೆಯಲ್ಲಿದೆ.' ಮರುದಿನ ಎಣಿಸಿದಾಗ ಆ ಆರು ಸಾವಿರ ಎಲ್ಲಿ ಹೋಯಿತೆಂದು ಹುಡುಕುವ ಕೆಲಸ ಉಳಿಯಿತು.

ಹೇಳಿದ ಕೆಲಸಗಳು ಮುಗಿದಾಗ, ಅದೇ ಪತ್ರದ ಕೆಳಗೆ ಮುಂದುವರಿಸಿ ಇನ್ನೊಂದು ಚಿಕ್ಕ ಟಿಪ್ಪಣಿ: 3ಬಿ 19ರಂದು ಸಲ್ಲಿಕೆಯಾಯಿತು, ಸಣ್ಣ ಉದ್ದಿಮೆಯ ಪಾವತಿ ಅದೇ ದಿನ ಹೋಯಿತು, ಜೂನ್ ತಿಂಗಳ ಹತ್ತು ವೋಚರ್ ಉಳಿದಿವೆ, ದಾಸ್ತಾನು ವರದಿಯ ದಿನಾಂಕ ಬದಲಾಗಿಲ್ಲ. ಹೊಸ ಪತ್ರ ಬೇಡ, ಹಳೆಯದರ ಕೆಳಗೇ ಬರೆದರೆ ಹೇಳಿದ್ದು ಮತ್ತು ಆದದ್ದು ಒಂದೇ ಕಡೆ ಸಿಗುತ್ತದೆ.

ಆರ್ಥಿಕ ವರ್ಷ ಮುಗಿದ ಮೇಲೆ ತೆರಿಗೆ ಆಡಿಟ್ ನಡೆಯುವ ಕಂಪನಿಗಳಲ್ಲಿ, ನೌಕರರ ಭವಿಷ್ಯನಿಧಿ ಪಾಲನ್ನು ಯಾವ ತಿಂಗಳು ಯಾವ ದಿನ ಕಟ್ಟಬೇಕಿತ್ತು, ಯಾವ ದಿನ ಕಟ್ಟಿದಿರಿ ಎಂದು ಆಡಿಟರ್ ತಿಂಗಳು ತಿಂಗಳಿನ ಪಟ್ಟಿ ಮಾಡಿ ವರದಿಯಲ್ಲಿ ಸೇರಿಸಬೇಕಾಗುತ್ತದೆ. ಮೇ ತಿಂಗಳ ಎದುರಿಗೆ ಜೂನ್ 16 ಎಂದು ಬಿದ್ದಾಗ 'ಇದು ಯಾಕೆ ಒಂದು ದಿನ ತಡ?' ಎಂದು ಅವರು ಕೇಳುತ್ತಾರೆ. ಅಷ್ಟು ಹೊತ್ತಿಗೆ ಯಾರಿಗೂ ಆ ಶನಿವಾರ ನೆನಪಿರುವುದಿಲ್ಲ. ಲೆಕ್ಕಪಾಲಕಿ ಜೂನ್ 16ರ ಮೇಲ್ ಹುಡುಕಿ, ರಸೀದಿಯ ಸಮೇತ ಅದನ್ನೇ ಆಡಿಟರ್‌ಗೆ ಕಳಿಸುತ್ತಾರೆ.